ಕೊಂಕು ತೆಗೆದರೂ ಮೊನೆ ಉಳಿಯಬೇಕಾದರೆ

ಪ್ರಶ್ನೆ: ನಮ್ಮ ಮಾರ್ಗದ ರಾತ್ರಿಯ ಕೊನೆಯ ಬಸ್ಸಿನ ಬಗ್ಗೆ ಹೀಗೊಂದು ಪೋಸ್ಟ್ ಹಾಕಿದ್ದೆ: “ಅದೃಶ್ಯ ಬಸ್ಸನ್ನು ಕಂಡುಹಿಡಿದ ನಮ್ಮ ಸಾರಿಗೆ ಸಂಸ್ಥೆಗೆ ಹೃತ್ಪೂರ್ವಕ ಅಭಿನಂದನೆಗಳು! ರಾತ್ರಿ 9:40ರ ಕೊನೆಯ ಬಸ್ಸು ವೇಳಾಪಟ್ಟಿಯಲ್ಲಿ ಇದೆಯಂತೆ, ರಸ್ತೆಯ ಮೇಲೆ ಮಾತ್ರ ಇಲ್ಲ. ಪಾಪ, ಚಾಲಕ ಮಹಾಶಯರಿಗೆ ಮನೆಗೆ ಹೋಗುವ ಅವಸರ ಇರಬೇಕು. ಪ್ರಯಾಣಿಕರು ನಡೆದು ಆರೋಗ್ಯವಂತರಾಗಲಿ ಎಂಬ ನಿಮ್ಮ ಕಾಳಜಿಗೆ ನಾವು ಚಿರಋಣಿಗಳು.” ನಗುವ ಚಿಹ್ನೆಗಳು ನೂರಾರು ಬಂದವು, ಬಸ್ಸು ಬರಲಿಲ್ಲ. ಸಂಸ್ಥೆಯ ನೌಕರರೊಬ್ಬರು “ಹಗಲಿರುಳು ದುಡಿಯುವವರನ್ನು ಹೀಗೆ ಹೀಯಾಳಿಸಬೇಡಿ” ಎಂದು ನೊಂದು ಬರೆದರು. ಅದನ್ನು ಅಳಿಸಿ ಪ್ರಾಮಾಣಿಕವಾಗಿ ಬರೆಯಲು ಕುಳಿತರೆ ಅರ್ಜಿಯಂತಾಗುತ್ತದೆ, ಯಾರೂ ಓದುವುದಿಲ್ಲ. ಹೇಗೆ ತಿದ್ದಲಿ? ಹನ್ನೆರಡು ರಾತ್ರಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಯನ್ನೂ ಕಳುಹಿಸುತ್ತಿದ್ದೇನೆ.

ಉತ್ತರ: ನಿಮ್ಮ ಪೋಸ್ಟ್‌ಗಿಂತ ನಿಮ್ಮ ಟಿಪ್ಪಣಿ ಹೆಚ್ಚು ಹರಿತವಾಗಿದೆ ಎಂಬುದನ್ನು ಮೊದಲು ಹೇಳಬೇಕು. ಅದರ ಪ್ರಕಾರ ಹನ್ನೆರಡು ರಾತ್ರಿಗಳಲ್ಲಿ ಐದು ರಾತ್ರಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದೆ. ನಾಲ್ಕು ರಾತ್ರಿ ಬಂದೇ ಇಲ್ಲ. ಉಳಿದ ಮೂರು ರಾತ್ರಿ 9:31, 9:33 ಮತ್ತು 9:34ಕ್ಕೆ, ಅಂದರೆ ನಿಗದಿತ ಸಮಯಕ್ಕಿಂತ ಆರರಿಂದ ಒಂಬತ್ತು ನಿಮಿಷ ಮೊದಲೇ ನಿಲ್ದಾಣವನ್ನು ದಾಟಿ ಹೋಗಿದೆ. ನೀವು 9:30ಕ್ಕೇ ಅಲ್ಲಿ ನಿಂತಿದ್ದರಿಂದ ಇದು ನಿಮ್ಮ ಕಣ್ಣಿಗೆ ಬಿತ್ತು. 9:38ಕ್ಕೆ ಬಂದವರಿಗೆ ಆ ಮೂರು ರಾತ್ರಿಗಳೂ ಬಸ್ಸು ಬಾರದ ರಾತ್ರಿಗಳಾಗಿಯೇ ಕಂಡಿರುತ್ತವೆ. ಪೋಸ್ಟ್‌ನಲ್ಲಿ ಈ ಎಲ್ಲವೂ ‘ಅದೃಶ್ಯ ಬಸ್ಸು’ ಎಂಬ ಒಂದೇ ಮಾತಿನೊಳಗೆ ಸೇರಿಹೋಗಿವೆ.

ಓದುಗನಿಗೆ ಇದು ಸಣ್ಣ ವ್ಯತ್ಯಾಸವೆನಿಸಬಹುದು, ಆದರೆ ಸರಿಪಡಿಸಬೇಕಾದವರಿಗೆ ಹಾಗಲ್ಲ. ಬಾರದ ಬಸ್ಸು ಸಾಮಾನ್ಯವಾಗಿ ಡಿಪೋದ ಸಮಸ್ಯೆ: ಸಿಬ್ಬಂದಿ ಸಾಲದೆ, ವಾಹನ ಕೆಟ್ಟು, ಅಥವಾ ಹಿಂದಿನ ಸುತ್ತು ತಡವಾಗಿ ಆ ಸುತ್ತನ್ನೇ ಕೈಬಿಟ್ಟಿರುತ್ತಾರೆ. ಮೊದಲೇ ಹೋಗುವ ಬಸ್ಸು ಸಮಯಪಾಲನೆಯ ಸಮಸ್ಯೆ. ರಾತ್ರಿ ರಸ್ತೆ ಖಾಲಿ ಇರುತ್ತದೆ, ಹತ್ತಿ ಇಳಿಯುವವರು ಕಡಿಮೆ, ಹೀಗಾಗಿ ಹಗಲಿನ ವೇಗಕ್ಕೆ ಹಾಕಿದ ವೇಳಾಪಟ್ಟಿಯನ್ನು ಬಸ್ಸು ಹಿಂದೆ ಹಾಕುತ್ತದೆ. ಬಹಳಷ್ಟು ಸಾರಿಗೆ ವ್ಯವಸ್ಥೆಗಳಲ್ಲಿ ಮಾರ್ಗದ ಕೆಲವು ಮುಖ್ಯ ನಿಲ್ದಾಣಗಳಲ್ಲಿ ಮಾತ್ರ ಬಸ್ಸು ಕಾದು ಸಮಯ ಹೊಂದಿಸಿಕೊಳ್ಳುತ್ತದೆ; ನಡುವಿನ ನಿಲ್ದಾಣಗಳಿಗೆ ಬರೆದ ಸಮಯ ಕೇವಲ ಅಂದಾಜು. ನಿಮ್ಮದು ಯಾವ ಬಗೆಯ ನಿಲ್ದಾಣ ಎಂಬುದನ್ನು ಬರೆಯುವ ಮುನ್ನ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ಅಂದಾಜಿನದ್ದಾದರೆ ನಿಮ್ಮ ಕೋರಿಕೆ ‘ಕೊನೆಯ ಸುತ್ತಿಗಾದರೂ ಇಲ್ಲಿ ಕಾಯುವಂತೆ ಮಾಡಿ’ ಎಂದಾಗಬೇಕು. ಅಲ್ಲದಿದ್ದರೆ ‘ಇರುವ ನಿಯಮವನ್ನು ಪಾಲಿಸಿ’ ಎಂದಷ್ಟೇ ಹೇಳಿದರೆ ಸಾಕು.

ಆ ನೌಕರರಿಗೆ ಏಕೆ ನೋವಾಯಿತು ಎಂಬುದೂ ಈಗ ತಿಳಿಯುತ್ತದೆ. ಬಸ್ಸು ಬಾರದ ನಾಲ್ಕು ರಾತ್ರಿಗಳಲ್ಲಿ ಆ ಸುತ್ತಿಗೆ ಚಾಲಕರನ್ನೇ ನಿಯೋಜಿಸಿರದಿದ್ದ ಸಾಧ್ಯತೆ ಇದೆ. ಇಲ್ಲದ ಚಾಲಕನಿಗೆ ಮನೆಗೆ ಹೋಗುವ ಅವಸರವಿರಲು ಸಾಧ್ಯವಿಲ್ಲ. ಆ ಸಾಲು ಕಟುವಾಗಿದೆ ಎಂಬುದಕ್ಕಿಂತ, ಅದು ಬಹುಶಃ ನಿಜವಲ್ಲ ಎಂಬುದೇ ದೊಡ್ಡ ದೋಷ. ವ್ಯಂಗ್ಯದಲ್ಲಿ ಬರೆಯುವಾಗ ಹೀಗಾಗುವುದು ಸಹಜ. ಹಾಸ್ಯಕ್ಕೆ ಒಂದು ಮುಖ ಬೇಕಾಗುತ್ತದೆ, ಸಂಸ್ಥೆಗೆ ಮುಖವಿಲ್ಲ, ಹೀಗಾಗಿ ಕಣ್ಣಿಗೆ ಕಾಣುವ ಕೆಳಗಿನ ನೌಕರನೇ ಗುರಿಯಾಗುತ್ತಾನೆ.

ನಿಮ್ಮ ಪೋಸ್ಟ್‌ನ ಮೊದಲ ಮತ್ತು ಕೊನೆಯ ಸಾಲುಗಳು ನಮ್ಮ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿ ಎನಿಸಿಕೊಳ್ಳುವ ಬಗೆಯವು: ಹೊಗಳಿಕೆಯ ವೇಷದ ತೆಗಳಿಕೆ. ಎದುರಿಗೆ ಕುಳಿತು ಹೇಳಿದರೆ ದನಿಯ ಏರಿಳಿತ, ಅಂದರೆ ಶಾಸ್ತ್ರದವರು ‘ಕಾಕು’ ಎಂದು ಕರೆದದ್ದು, ವೇಷವನ್ನು ಕಳಚಿ ತೋರಿಸುತ್ತದೆ. ಬರಹದಲ್ಲಿ ಆ ದನಿ ಇಲ್ಲ. ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ಇ-ಮೇಲ್‌ನಲ್ಲಿ ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದು ಓದುವವರಿಗೆ ಸುಲಭವಾಗಿ ತಿಳಿಯುತ್ತದೆಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ಕುರುಡು ಊಹೆಗಿಂತ ಹೆಚ್ಚೇನೂ ಅಲ್ಲ ಎನ್ನುವಷ್ಟು ಮಾತ್ರ. ನಿಮ್ಮ ಪೋಸ್ಟ್‌ಗೆ ನಕ್ಕವರು ಆ ಬಸ್ಸಿಗಾಗಿ ಕಾದು ಸುಸ್ತಾದವರು. ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಿಗೆ, ಮುಖ್ಯವಾಗಿ ಕ್ರಮ ತೆಗೆದುಕೊಳ್ಳಬಲ್ಲವರಿಗೆ, ನಿಮ್ಮ ಪೋಸ್ಟ್‌ನಿಂದ ಸಿಕ್ಕಿದ್ದು ಒಂದು ಸಮಯ ಮತ್ತು ಒಂದು ಸಿಟ್ಟು.

ಹಾಗೆಂದು ಕೋಪಕ್ಕೆ ಗಮನ ಸೆಳೆಯುವ ಶಕ್ತಿಯಿಲ್ಲ ಎಂದು ನಾನು ಹೇಳಲಾರೆ. ಸುದ್ದಿಯ ಶೀರ್ಷಿಕೆಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ನಕಾರಾತ್ಮಕ ಪದಗಳು ಹೆಚ್ಚಿದಂತೆ ಕ್ಲಿಕ್ಕುಗಳೂ ಹೆಚ್ಚುತ್ತವೆ ಎಂದು ಕಂಡುಕೊಂಡಿದೆ. ಆದರೆ ಹೆಚ್ಚಳ ಪದವೊಂದಕ್ಕೆ ಶೇಕಡಾ 2ರ ಆಸುಪಾಸಿನದು. ಪ್ರಾಮಾಣಿಕ ಬರಹಕ್ಕೆ ಇಳಿದರೆ ನಗುವ ಚಿಹ್ನೆಗಳು ಖಂಡಿತ ಕಡಿಮೆಯಾಗುತ್ತವೆ. ಆ ನಷ್ಟವನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಈಗ ತಿದ್ದುವ ಕೆಲಸಕ್ಕೆ ಬರೋಣ. ಇಡೀ ಪೋಸ್ಟನ್ನು ಅಳಿಸಿ ಖಾಲಿ ಹಾಳೆಯ ಮುಂದೆ ಕುಳಿತದ್ದೇ ನೀವು ಅರ್ಜಿಯ ಭಾಷೆಗೆ ಜಾರಲು ಕಾರಣ. ಅಳಿಸಬೇಡಿ, ಒಂದೊಂದು ಸಾಲನ್ನೂ ತಿರುಗಿಸಿ ನೇರವಾಗಿ ನಿಲ್ಲಿಸಿ, ಏನು ಉಳಿಯುತ್ತದೆ ನೋಡಿ. ಮೊದಲ ಸಾಲಿನ ಅಭಿನಂದನೆಯನ್ನು ತಿರುಗಿಸಿದರೆ ‘ನೀವು ನಾಚಿಕೆಗೇಡಿಗಳು’ ಎಂಬುದು ಉಳಿಯುತ್ತದೆ. ಅದರಲ್ಲಿ ಸಂಗತಿ ಏನೂ ಇಲ್ಲ, ಬಿಟ್ಟುಬಿಡಿ. ಚಾಲಕರ ಸಾಲನ್ನು ತಿರುಗಿಸಿದರೆ ಇನ್ನೊಬ್ಬರ ಮನಸ್ಸಿನೊಳಗಿನ ಉದ್ದೇಶದ ಬಗ್ಗೆ ಆರೋಪ ಉಳಿಯುತ್ತದೆ. ಅದನ್ನು ನೀವು ಕಂಡಿಲ್ಲ, ಆದ್ದರಿಂದ ಅದನ್ನೂ ಬಿಡಬೇಕು. ಆರೋಗ್ಯದ ಸಾಲನ್ನು ತಿರುಗಿಸಿದರೆ ಮಾತ್ರ ಗಟ್ಟಿಯಾದದ್ದು ಸಿಗುತ್ತದೆ: ಜನರು ನಡೆಯುತ್ತಿದ್ದಾರೆ. ಯಾರು, ಎಷ್ಟು ದೂರ, ಯಾವ ಬೆಳಕಿನಲ್ಲಿ ಎಂಬುದನ್ನು ಮೂಲ ಪೋಸ್ಟ್ ನಗೆಯಲ್ಲಿ ಮುಚ್ಚಿಟ್ಟಿದೆ. ನಿಮ್ಮ ಟಿಪ್ಪಣಿಯ ಅಂಚಿನಲ್ಲಿ ಏಳು ಕಡೆ ‘ಆಸ್ಪತ್ರೆಯ ಅಕ್ಕ ಇವತ್ತೂ ನಡೆದರು’ ಎಂದಿದೆ. ಇಷ್ಟು ಬಲವಾದ ಸಾಲನ್ನು ಅಂಚಿನಲ್ಲಿ ಬರೆದು, ಅದೃಶ್ಯ ಬಸ್ಸನ್ನು ನಡುವೆ ಕೂರಿಸಿದ್ದೀರಲ್ಲ!

ಎರಡನೆಯ ಸಾಲಿನ ಕಥೆ ಬೇರೆ. ‘ವೇಳಾಪಟ್ಟಿಯಲ್ಲಿ ಇದೆಯಂತೆ, ರಸ್ತೆಯ ಮೇಲೆ ಮಾತ್ರ ಇಲ್ಲ’ ಎಂಬುದರಲ್ಲಿ ಪದಗಳು ತಮ್ಮ ಅರ್ಥವನ್ನೇ ಹೇಳುತ್ತಿವೆ, ತದ್ವಿರುದ್ಧವಾದದ್ದನ್ನಲ್ಲ. ಅಕ್ಷರಶಃ ನಿಜವಾಗಿರುವ ಚಮತ್ಕಾರವನ್ನು ಪ್ರಾಮಾಣಿಕ ಬರಹ ಧಾರಾಳವಾಗಿ ಉಳಿಸಿಕೊಳ್ಳಬಹುದು. ಕಾಗದಕ್ಕೂ ರಸ್ತೆಗೂ ಇರುವ ಅಂತರವೇ ನಿಮ್ಮ ದೂರಿನ ತಿರುಳು, ಮತ್ತು ಮೊದಲ ಪೋಸ್ಟ್ ಓದಿದವರನ್ನು ಹಿಡಿದು ನಿಲ್ಲಿಸಿದ್ದೂ ಬಹುಶಃ ಅದೇ. ಅದರ ‘ಅಂತೆ’ಯನ್ನೂ ‘ಮಾತ್ರ’ವನ್ನೂ ತೆಗೆದರೆ ಸಾಕು.

ಈ ‘ಅಂತೆ’ಯ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡದಲ್ಲಿ ಕೊಂಕು ಅಡಗುವುದು ದೊಡ್ಡ ಪದಗಳಲ್ಲಿ ಅಲ್ಲ, ಇಂಥ ಬಾಲಗಳಲ್ಲಿ. ‘ಬಸ್ಸು ಇದೆ’ ಎಂಬುದು ಸಂಗತಿ. ‘ಬಸ್ಸು ಇದೆಯಂತೆ’ ಎಂದೊಡನೆ ಹೇಳಿದವನ ಮೇಲಿನ ಅಪನಂಬಿಕೆ ಸೇರಿಕೊಂಡಿತು. ‘ನೀವು ಜನಸೇವಕರು ತಾನೇ’ ಎಂಬಲ್ಲಿನ ‘ತಾನೇ’, ‘ಗಮನಕ್ಕೆ ಬಂದಿರಬಹುದಲ್ಲವೇ’ ಎಂಬಲ್ಲಿನ ‘ಅಲ್ಲವೇ’, ವಾಕ್ಯದ ಮೊದಲಿಗೆ ಬಂದು ಕೂರುವ ‘ಪಾಪ’, ಅಗತ್ಯಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ‘ಮಹಾಶಯರು’, ಇವೆಲ್ಲ ತಿದ್ದಿದ ಮೇಲೂ ಉಳಿದುಬಿಡುವ ಮುಳ್ಳುಗಳು. ‘ತ್ವರಿತ’ ಸೇವೆ ಎಂದು ಉದ್ಧರಣ ಚಿಹ್ನೆಯೊಳಗೆ ಬರೆಯುವುದೂ ಅದೇ ಜಾತಿಯದು. ಬರೆದವರಿಗೆ ಇವು ಕಾಣುವುದಿಲ್ಲ, ಚುಚ್ಚಿಸಿಕೊಂಡವರಿಗೆ ಮೊದಲು ಇವೇ ಕಾಣುತ್ತವೆ. ಪತ್ತೆಹಚ್ಚುವ ಉಪಾಯ ಸರಳ: ಬರಹವನ್ನು ಯಾವ ಏರಿಳಿತವೂ ಇಲ್ಲದೆ ಒಂದೇ ದನಿಯಲ್ಲಿ ಗಟ್ಟಿಯಾಗಿ ಓದಿ. ಎಲ್ಲಿ ನಿಮ್ಮ ದನಿ ತಾನಾಗಿ ವಾಲುತ್ತದೆಯೋ ಅಲ್ಲಿ ಕೊಂಕು ಉಳಿದಿದೆ.

ಇನ್ನು ನೀವು ಹೆದರಿದ ಅರ್ಜಿಯ ಭಾಷೆ. ‘ಮಾನ್ಯರೇ, ರಾತ್ರಿ ವೇಳೆಯ ಬಸ್ ಸೇವೆಯಲ್ಲಿ ಆಗಾಗ್ಗೆ ವ್ಯತ್ಯಯ ಉಂಟಾಗುತ್ತಿದ್ದು, ಸಾರ್ವಜನಿಕರಿಗೆ ತೀವ್ರ ತೊಂದರೆಯಾಗುತ್ತಿರುವುದರಿಂದ ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಈ ಮೂಲಕ ಕೋರಲಾಗಿದೆ’ ಎಂಬಂಥ ವಾಕ್ಯವನ್ನು ನೀವೂ ಬರೆದು ನೋಡಿರುತ್ತೀರಿ. ಇದನ್ನು ಯಾರೂ ಓದದಿರುವುದು ಇದು ಸೌಮ್ಯವಾಗಿರುವುದರಿಂದಲ್ಲ, ಇದರಲ್ಲಿ ಯಾರೂ ಇಲ್ಲದಿರುವುದರಿಂದ. ಕೋರಿದವರು ಯಾರೆಂದಿಲ್ಲ, ‘ಆಗಾಗ್ಗೆ’ ಎಂದರೆ ಎಷ್ಟು ಸಲವೋ ಗೊತ್ತಿಲ್ಲ, ‘ವ್ಯತ್ಯಯ’ ಎಂದರೆ ಬಾರದ್ದೋ ಮೊದಲೇ ಹೋದದ್ದೋ ತಿಳಿಯದು, ‘ಸೂಕ್ತ ಕ್ರಮ’ವನ್ನು ಓದಿದವರೇ ಊಹಿಸಿಕೊಳ್ಳಬೇಕು. ಗಮನಿಸಿ: ‘ಅದೃಶ್ಯ ಬಸ್ಸು’ ಮಾಡಿದ ತಪ್ಪನ್ನೇ ಈ ವಾಕ್ಯವೂ ಮಾಡಿದೆ. ವ್ಯಂಗ್ಯ ವಿವರವನ್ನು ನಗೆಯಲ್ಲಿ ಮುಳುಗಿಸಿತು, ಅರ್ಜಿ ಅದನ್ನು ಮರ್ಯಾದೆಯಲ್ಲಿ ಮುಳುಗಿಸಿತು.

ನಿಮ್ಮ ಟಿಪ್ಪಣಿಯಿಂದ ನಾನು ಕಟ್ಟಿದ ರೂಪ ಇದು:

“ರಾತ್ರಿ 9:40ರ ಕೊನೆಯ ಬಸ್ಸು ವೇಳಾಪಟ್ಟಿಯಲ್ಲಿದೆ. ಕಳೆದ ಹನ್ನೆರಡು ರಾತ್ರಿಗಳಲ್ಲಿ ನಾಲ್ಕು ರಾತ್ರಿ ಅದು ರಸ್ತೆಯಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ 9:35ಕ್ಕೆ ನಮ್ಮ ನಿಲ್ದಾಣಕ್ಕೆ ಬರುವ ಒಬ್ಬರು ಆ ನಾಲ್ಕು ರಾತ್ರಿಯೂ ಮೊಬೈಲಿನ ಬೆಳಕು ಹಿಡಿದು ಮನೆಗೆ ನಡೆದರು. ಇನ್ನೂ ಮೂರು ರಾತ್ರಿ ನಡೆದರು, ಏಕೆಂದರೆ ಆಗ ಬಸ್ಸು ಬಂದಿದ್ದರೂ ಆರರಿಂದ ಒಂಬತ್ತು ನಿಮಿಷ ಮೊದಲೇ ಹೊರಟುಹೋಗಿತ್ತು. ಅದರಲ್ಲಿ ಒಂದು ರಾತ್ರಿ ಅವರಿಗೆ ಬಸ್ಸು ತಪ್ಪಿದ್ದು ಒಂದೇ ನಿಮಿಷದಲ್ಲಿ.

ಉಳಿದ ಐದು ರಾತ್ರಿ ಬಸ್ಸು ಸರಿಯಾದ ಹೊತ್ತಿಗೆ ಬಂತು. ಆದ್ದರಿಂದ ಇದು ಆಗದ ಕೆಲಸವಲ್ಲ ಎಂದು ನಮಗೆ ಗೊತ್ತಿದೆ.

ನಮ್ಮ ಕೋರಿಕೆ ಇಷ್ಟೇ: ಕೊನೆಯ ಬಸ್ಸು 9:40ಕ್ಕೆ ಮೊದಲು ಈ ನಿಲ್ದಾಣವನ್ನು ಬಿಡದಿರಲಿ. ಬಾರದ ದಿನ ಅದನ್ನು ರಾತ್ರಿ 8 ಗಂಟೆಯೊಳಗೆ ಪ್ರಕಟಿಸಿ, ಆಗ ಅವರು ಹಿಂದಿನ ಬಸ್ಸಿಗೆ ಹೊರಡುವ ದಾರಿ ನೋಡಿಕೊಳ್ಳಬಹುದು. ದಿನಾಂಕ ಮತ್ತು ಸಮಯದ ಪಟ್ಟಿ ಚಿತ್ರದಲ್ಲಿದೆ. ಈ ಬಸ್ಸಿಗೆ ಕಾಯುವ ಇತರರು ತಮ್ಮ ನಿಲ್ದಾಣ, ದಿನಾಂಕ, ಸಮಯವನ್ನು ಕೆಳಗೆ ಬರೆಯಿರಿ.”

ಮೊದಲ ಎರಡು ವಾಕ್ಯಗಳನ್ನು ನಾನು ಬೇಕೆಂದೇ ಚಿಕ್ಕದಾಗಿಸಿದ್ದೇನೆ. ಹೆಚ್ಚಿನ ಜಾಲತಾಣಗಳು ಉದ್ದನೆಯ ಪೋಸ್ಟ್‌ನ ಮೊದಲ ಕೆಲವು ಸಾಲುಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಮಡಚಿಡುತ್ತವೆ; ಸೆಳೆಯುವ ಕೆಲಸವೆಲ್ಲ ಅಷ್ಟರೊಳಗೆ ಆಗಬೇಕು. ‘ಹನ್ನೆರಡರಲ್ಲಿ ಏಳು ರಾತ್ರಿ ಬಸ್ಸಿಲ್ಲ’ ಎಂದು ಆರಂಭಿಸಿದ್ದರೆ ಇನ್ನೂ ಜೋರಾಗಿರುತ್ತಿತ್ತು, ನನಗೂ ಆ ಆಸೆ ಬಂತು. ಆದರೆ ಏಳರಲ್ಲಿ ಮೂರು ರಾತ್ರಿ ಬಸ್ಸು ಓಡಿದೆ ಎಂದು ಸಂಸ್ಥೆಯ ದಾಖಲೆ ಹೇಳುತ್ತದೆ. ಆ ಒಂದು ತಪ್ಪನ್ನು ತೋರಿಸಿ ಅವರು ಉತ್ತರ ಕೊಟ್ಟರೆ, ಉಳಿದ ನಾಲ್ಕರ ಬಗ್ಗೆ ಮಾತೇ ನಿಂತುಹೋಗುತ್ತದೆ. ಆಸ್ಪತ್ರೆಯ ಅಕ್ಕನ ಲೆಕ್ಕದಲ್ಲಿ ಏಳು ರಾತ್ರಿ ಎಂಬುದು ನಿಜ, ಹೀಗಾಗಿ ಆ ಏಳನ್ನು ಅವರ ನಡಿಗೆಯಲ್ಲಿ ಇಟ್ಟಿದ್ದೇನೆ.

ಸರಿಯಾಗಿ ಬಂದ ಐದು ರಾತ್ರಿಗಳನ್ನು ಹೇಳಿದ್ದು ಸೌಜನ್ಯಕ್ಕಲ್ಲ. ಬಸ್ಸಿಗಾಗಿ ಕಾದವನೊಬ್ಬ ತನ್ನ ದೂರಿಗೆ ವಿರುದ್ಧವಾದ ಸಂಗತಿಯನ್ನೂ ಬರೆದಿದ್ದಾನೆಂದರೆ ಉಳಿದ ಲೆಕ್ಕವನ್ನು ನಂಬಬಹುದು ಎಂದು ಓದುವವರಿಗೆ ಅನ್ನಿಸುತ್ತದೆ. ಅಲ್ಲದೆ ನಿಮಗೆ ಬೇಸರದಿಂದ ಬರೆದಂಥ ನೌಕರರು ಇದನ್ನು ಹಂಚಿಕೊಳ್ಳಲು ಅಡ್ಡಿಯಿರುವುದಿಲ್ಲ. ಸಿಬ್ಬಂದಿ ಸಾಲದೆ ಸುತ್ತುಗಳು ರದ್ದಾಗುತ್ತಿದ್ದರೆ ಅದು ಅವರದೂ ದೂರು. ಒಂದು ಎಚ್ಚರಿಕೆ: ಇಲ್ಲಿ ‘ಹೃತ್ಪೂರ್ವಕ ಧನ್ಯವಾದ’ ಸೇರಿಸಬೇಡಿ. ನಿಮ್ಮ ಹಳೆಯ ಪೋಸ್ಟ್ ಓದಿದವರು ಹೊಸ ಧನ್ಯವಾದವನ್ನೂ ಕುಹಕವೆಂದೇ ಓದುತ್ತಾರೆ. ವ್ಯಂಗ್ಯಕ್ಕೆ ಹೆಸರಾದವರು ಕೆಲವು ಕಾಲ ಹೊಗಳಿಕೆಯಿಂದ ದೂರವಿರುವುದು ಕ್ಷೇಮ.

ಕೋರಿಕೆ ಎರಡು ವಾಕ್ಯಗಳಲ್ಲಿರುವುದು ತೊಂದರೆ ಎರಡಾಗಿರುವುದರಿಂದ. ಸಂಸ್ಥೆಯ ಖಾತೆಯನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಬಸ್ಸಿನ ಮೇಲೆ ಅಧಿಕಾರವಿಲ್ಲದ ಕಿರಿಯ ಸಿಬ್ಬಂದಿ. ಅವರ ಕೆಲಸ ದೂರನ್ನು ಸಂಬಂಧಿಸಿದ ವಿಭಾಗಕ್ಕೆ ದಾಟಿಸುವುದು. ಮಾರ್ಗ ಸಂಖ್ಯೆ, ನಿಲ್ದಾಣದ ಹೆಸರು, ಯಾವ ಕಡೆಗೆ ಹೋಗುವ ಬಸ್ಸು, ದಿನಾಂಕ, ಸಮಯ, ಇಷ್ಟು ಇದ್ದರೆ ಅವರು ಹಾಗೆಯೇ ದಾಟಿಸಬಲ್ಲರು. ಇದರಲ್ಲಿ ಒಂದಿಲ್ಲದಿದ್ದರೂ ‘ವಿವರ ಕಳುಹಿಸಿ’ ಎಂಬ ಸಿದ್ಧ ಉತ್ತರ ಬರುತ್ತದೆ. ಮೇಲಿನ ಪಠ್ಯದಲ್ಲಿ ‘ನಮ್ಮ ನಿಲ್ದಾಣ’ ಎಂದಿರುವಲ್ಲಿ ಅದರ ಹೆಸರನ್ನು ಸೇರಿಸಿ. ಉಳಿದ ವಿವರಗಳು ಚಿತ್ರದ ಪಟ್ಟಿಯಲ್ಲಿರಲಿ. ಪೋಸ್ಟ್‌ನಲ್ಲಿ ಸುರಿದರೆ ಓಟ ಕೆಡುತ್ತದೆ.

ಚಿತ್ರದ ವಿಷಯದಲ್ಲಿ ನನ್ನ ಆಯ್ಕೆ ನಿಮ್ಮ ಕೈಬರಹದ ಪಟ್ಟಿಯೇ. ಹನ್ನೆರಡು ಸಾಲು, ಅಲ್ಲಲ್ಲಿ ಪೆನ್ನಿನ ಬಣ್ಣ ಬದಲಾಗಿದೆ, ಮಳೆ ಬಿದ್ದ ಗುರುತೂ ಇದೆ. ಒಬ್ಬರು ಹನ್ನೆರಡು ರಾತ್ರಿ ನಿಂತು ಬರೆದಿದ್ದಾರೆ ಎಂಬುದನ್ನು ಅಚ್ಚುಕಟ್ಟಾದ ಯಾವ ನಕ್ಷೆಯೂ ಹೀಗೆ ಹೇಳಲಾರದು. ಹಾಕುವ ಮುನ್ನ ಅಂಚಿನ ಟಿಪ್ಪಣಿಗಳನ್ನು ಮುಚ್ಚಿ. ಚಾಲಕರ ಮುಖ ಚಿತ್ರದಲ್ಲಿ ಬರಬಾರದು. ಆ ಅಕ್ಕನಿಗೆ ಪಠ್ಯವನ್ನು ಓದಿ ಹೇಳಿ, ಒಪ್ಪಿದರೆ ಮಾತ್ರ ಹಾಕಿ. ಹೆಸರಿಲ್ಲದಿದ್ದರೂ, ರಾತ್ರಿ ಇಂಥ ಹೊತ್ತಿಗೆ ಒಬ್ಬರೇ ನಡೆಯುತ್ತಾರೆ ಎಂದು ನಿಲ್ದಾಣದ ಹೆಸರಿನೊಡನೆ ಜಗತ್ತಿಗೆ ಸಾರುವುದು ಅವರಿಗೆ ಅಪಾಯ ತರಬಹುದು. ಅವರು ಹಿಂಜರಿದರೆ ‘ಆಸ್ಪತ್ರೆ’ ಮತ್ತು ‘9:35’ ಎರಡನ್ನೂ ತೆಗೆದು ‘ಸಂಜೆಯ ಪಾಳಿ ಮುಗಿಸಿ ಬರುವವರು’ ಎಂದು ಬಹುವಚನಕ್ಕೆ ತಿರುಗಿಸಿ. ಬರಹದ ಬಲ ಸ್ವಲ್ಪ ಕುಂದುತ್ತದೆ, ಕುಂದಲಿ.

ಹಾಕಿದ ಮೇಲೆ ಮೊದಲ ಕೆಲವು ಗಂಟೆ ನೀವು ಅಲ್ಲಿರಬೇಕು. ಹಳೆಯ ಓದುಗರು ಬಂದು ‘ಅದೃಶ್ಯ ಬಸ್ಸು ಎಲ್ಲಿ ಹೋಯಿತು ಗುರುಗಳೇ’ ಎಂದು ಕೆಣಕುತ್ತಾರೆ. ಅದಕ್ಕೆ ನಗೆಯಿಂದ ಉತ್ತರಿಸಿದಿರೋ, ಮಾತಿನ ಸರಣಿ ಮತ್ತೆ ಹಳೆಯ ದಾರಿ ಹಿಡಿಯುತ್ತದೆ. ‘ನಿಮ್ಮ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ?’ ಎಂದು ಕೇಳಿ. ಗಮನ ಸಿಕ್ಕಿತೇ ಎಂದು ಅಳೆಯಬೇಕಾದದ್ದೂ ಇಲ್ಲೇ. ಮೆಚ್ಚುಗೆಗಳನ್ನು ಎಣಿಸಬೇಡಿ, ತಮ್ಮ ದಿನಾಂಕ ಮತ್ತು ಸಮಯ ಬರೆದವರನ್ನು ಎಣಿಸಿ. ಹತ್ತು ಜನ ಬರೆದರೂ ನಿಮ್ಮ ಪಟ್ಟಿ ಒಬ್ಬರ ದೂರಾಗಿ ಉಳಿಯದೆ ಮಾರ್ಗದ ದಾಖಲೆಯಾಗುತ್ತದೆ. ಒಬ್ಬರೂ ಬರೆಯದಿದ್ದರೆ ದೋಷ ಬಹುತೇಕ ಮೊದಲ ಸಾಲಿನಲ್ಲಿ ಅಥವಾ ಹಾಕಿದ ಹೊತ್ತಿನಲ್ಲಿ ಇರುತ್ತದೆ. ಆ ಬಸ್ಸಿಗೆ ಕಾಯುವವರು ಮೊಬೈಲ್ ನೋಡುವುದು ರಾತ್ರಿ ಒಂಬತ್ತರ ನಂತರ, ಬೆಳಗಿನ ಹತ್ತಕ್ಕಲ್ಲ.

ಈ ವಿಧಾನಕ್ಕೆ ಒಂದು ಮಿತಿಯಿದೆ. ತೊಂದರೆ ಸರಿಪಡಿಸಲು ಮನಸ್ಸಿರುವ, ಆದರೆ ಮಾಹಿತಿ ಇಲ್ಲದ ಸಂಸ್ಥೆಯೊಡನೆ ಇದು ಕೆಲಸ ಮಾಡುತ್ತದೆ. ಎಲ್ಲ ತಿಳಿದೂ ‘ನಮ್ಮ ಬಸ್ಸುಗಳು ನೂರಕ್ಕೆ ನೂರು ಸಮಯಕ್ಕೆ ಓಡುತ್ತಿವೆ’ ಎಂದು ಮೇಲಿನವರು ಜಾಹೀರಾತು ಕೊಡುತ್ತಿದ್ದರೆ ಆ ಜಾಹೀರಾತನ್ನು ಲೇವಡಿ ಮಾಡುವುದು ನ್ಯಾಯವಾದದ್ದೇ. ಅಲ್ಲಿ ನಗೆಯ ಗುರಿ ಒಂದು ಸುಳ್ಳು ಹೇಳಿಕೆ, ನೌಕರನಲ್ಲ. ಆದರೂ ಅಂಥ ಲೇವಡಿಯನ್ನು ಬೇರೆ ದಿನ, ಬೇರೆ ಪೋಸ್ಟ್‌ನಲ್ಲಿ ಬರೆಯಿರಿ. ಹನ್ನೆರಡು ರಾತ್ರಿಯ ಪಟ್ಟಿಯ ಪಕ್ಕದಲ್ಲಿ ಅದನ್ನು ಇಟ್ಟರೆ ಓದಿದವರು ನೆನಪಿಟ್ಟುಕೊಳ್ಳುವುದು ಲೇವಡಿಯನ್ನೇ.

ಬಸ್ಸು ಸರಿಹೋದರೆ ಅದೇ ಪೋಸ್ಟ್‌ನ ಮೇಲ್ಭಾಗದಲ್ಲಿ ದಿನಾಂಕದೊಡನೆ ಒಂದು ಸಾಲು ಸೇರಿಸಿ: ‘ಇಂಥ ದಿನದಿಂದ ಸತತ ಹತ್ತು ರಾತ್ರಿ 9:40ಕ್ಕೆ ಬಂದಿದೆ.’ ಅದಕ್ಕಾಗಿ ಇನ್ನೂ ಹತ್ತು ರಾತ್ರಿ ನಿಂತು ಬರೆಯಬೇಕಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.